ದುಬೈ ಡ್ಯೂಟಿ ಡೈರಿ – 14: ಎಕ್ಸ್‌ಪೀರಿಯನ್ಸ್ ಲೆಟರ್ ಯಾರ ಉಪಕಾರವೂ ಅಲ್ಲ

ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಿದ್ದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ವಾರ ಚಿಕ್ಕಮ್ಮನ ಮಗಳು ಬೆಂಗಳೂರಿಂದ ಫೋನ್ ಮಾಡಿದ್ಲು. "ಅಕ್ಕಾ, ರಿಸೈನ್ ಮಾಡಿದೆ, ರಿಲೀವಿಂಗ್ ಲೆಟರ್ ಕೊಟ್ಟಿದ್ದಾರೆ. ಇನ್ನು ಡೇಟಾಫ್ಲೋ ಹಾಕಬಹುದಲ್ಲ?" ಅಂದ್ಲು. ಫೋಟೋ ಕಳಿಸು ಅಂದೆ. ಒಂದೇ ಸಾಲು ಇತ್ತು: ನಿಮ್ಮ ರಾಜೀನಾಮೆ ಒಪ್ಪಿ ಈ ದಿನದಿಂದ ಬಿಡುಗಡೆ ಮಾಡಿದ್ದೇವೆ, ಅಷ್ಟೆ. ಅವಳು ಸೇರಿದ್ದು ಯಾವಾಗ, ಕೆಲಸ ಏನು, ಯಾವ ವಾರ್ಡು, ಏನೂ ಇಲ್ಲ. ರಿಲೀವಿಂಗ್ ಲೆಟರ್ ಹೇಳೋದು "ಬಿಟ್ಟು ಹೋದ್ರು" ಅಂತ. ಎಕ್ಸ್‌ಪೀರಿಯನ್ಸ್ ಲೆಟರ್ ಹೇಳೋದು "ಇಷ್ಟು ದಿನ ಈ ಕೆಲಸ ಮಾಡಿದ್ರು" ಅಂತ. ಗಲ್ಫ್ ಲೈಸೆನ್ಸಿಗೆ ಬೇಕಾಗಿರೋದು ಎರಡನೆಯದು.

ಇದನ್ನ ನಾನು ಪೆಟ್ಟು ತಿಂದು ಕಲಿತೆ. ಬೆಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ಐಸಿಯುಗೆ 2013ರ ಜೂನ್ 3ಕ್ಕೆ ಸೇರಿದ್ದೆ, 2015ರ ಸೆಪ್ಟೆಂಬರ್ 30ಕ್ಕೆ ಕೊನೇ ಡ್ಯೂಟಿ. ಎರಡು ವರ್ಷ ನಾಲ್ಕು ತಿಂಗಳು ಆಗುತ್ತೆ. ನನಗೆ ಸಿಕ್ಕಿದ್ದ ಆಫರ್‌ಗೆ ಎರಡು ವರ್ಷದ ಅನುಭವ ಬೇಕಿತ್ತು. ಲೆಟರ್‌ನಲ್ಲಿ ಬರೀ "ಜೂನ್ 2013ರಿಂದ ಸೆಪ್ಟೆಂಬರ್ 2015" ಅಂತಿತ್ತು, ತಾರೀಖು ಇರಲಿಲ್ಲ. ಸರಿಯಾಗೇ ಇದೆಯಲ್ಲ ಅಂತ ಹಾಗೇ ತಗೊಂಡು ಊರಿಗೆ ಬಂದೆ.

ಡೇಟಾಫ್ಲೋದವರು ನಾವು ಕೊಟ್ಟ ಕಾಗದ ನೋಡಿ ಸುಮ್ಮನಾಗಲ್ಲ. ಕಾಗದ ಕೊಟ್ಟ ಆಸ್ಪತ್ರೆಯನ್ನೇ ನೇರವಾಗಿ ಕೇಳ್ತಾರೆ. ಅಷ್ಟೊತ್ತಿಗೆ ನನ್ನ ಲೆಟರ್‌ಗೆ ಸಹಿ ಹಾಕಿದ್ದವರು ಕೆಲಸ ಬಿಟ್ಟಿದ್ರು. ಹೊಸಬರು ರಿಜಿಸ್ಟರ್ ನೋಡಿ, ನಾನು ಪರ್ಮನೆಂಟ್ ಆದ ತಾರೀಖು, ಅಂದ್ರೆ 2013ರ ಡಿಸೆಂಬರ್ 3 ಬರೆದು ಕಳಿಸಿಬಿಟ್ರು. ಪ್ರೊಬೇಷನ್‌ನ ಆರು ತಿಂಗಳು ಮಾಯ! ಉಳಿದಿದ್ದು ಒಂದು ವರ್ಷ ಹತ್ತು ತಿಂಗಳು. ಆ ಆರು ತಿಂಗಳೂ ವೆಂಟಿಲೇಟರ್ ಪೇಷೆಂಟ್ ನೋಡಿದ್ದೆ, ನೈಟ್ ಮಾಡಿದ್ದೆ, ಸಂಬಳ ತಗೊಂಡಿದ್ದೆ. ಆದರೆ ರಿಪೋರ್ಟ್‌ನಲ್ಲಿ ಲೆಟರ್‌ಗೂ ಆಸ್ಪತ್ರೆ ಮಾತಿಗೂ ತಾಳೆ ಇಲ್ಲ ಅಂತ ಬಂತು.

ಸಾಗರದಿಂದ ರಾತ್ರಿ ಬಸ್ ಹತ್ತಿ ಮೂರು ಸಲ ಬೆಂಗಳೂರಿಗೆ ಹೋದೆ. ಎಚ್‌ಆರ್‌ನವರು "ಆಗಲೇ ಕೊಟ್ಟಾಗಿದೆಯಲ್ಲಮ್ಮ" ಅಂತ ಸಾಗಹಾಕ್ತಿದ್ರು. ಮೂರನೇ ಸಲ ಅಪಾಯಿಂಟ್‌ಮೆಂಟ್ ಆರ್ಡರ್, ಜೂನ್ ತಿಂಗಳ ಸ್ಯಾಲರಿ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್ ಮೂರೂ ಮೇಜಿನ ಮೇಲಿಟ್ಟೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹಳೇ ಡ್ಯೂಟಿ ರೋಸ್ಟರ್ ತೆಗೆಸಿದ್ರು. ಆಮೇಲೆ ಸರಿಯಾದ ಲೆಟರ್ ಬಂತು: 03-06-2013ರಿಂದ 30-09-2015ರವರೆಗೆ, ಸ್ಟಾಫ್ ನರ್ಸ್, ಮೆಡಿಕಲ್ ಐಸಿಯು, ಮೊದಲ ಆರು ತಿಂಗಳು ಪ್ರೊಬೇಷನ್ ಸೇರಿ. ಮತ್ತೆ ವೆರಿಫಿಕೇಷನ್, ಮತ್ತೆ ದುಡ್ಡು. ಒಟ್ಟು ಏಳು ವಾರ ಹೋಯ್ತು. ಆಫರ್ ಕೈತಪ್ಪದೇ ಇದ್ದಿದ್ದು ದೇವರ ದಯೆ.

ಅದಕ್ಕೇ ಹೇಳೋದು, ಲೆಟರ್ ಕೇಳಬೇಕಾದ್ದು ನೋಟಿಸ್ ಪೀರಿಯಡ್‌ನಲ್ಲೇ, ಕೈಯಲ್ಲಿ ಇನ್ನೂ ಐಡಿ ಕಾರ್ಡ್ ಇರುವಾಗ. ರಾಜೀನಾಮೆಯ ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ನೋ ಡ್ಯೂಸ್ ಫಾರಂ ಮುಗಿದ ದಿನವೇ ಲೆಟರ್ ಓದಿ ನೋಡಿ: ಲೆಟರ್‌ಹೆಡ್, ಪಾಸ್‌ಪೋರ್ಟ್‌ನಲ್ಲಿರೋ ಹಾಗೇ ಹೆಸರು, ಸೇರಿದ ಮತ್ತು ಬಿಟ್ಟ ಪೂರ್ತಿ ತಾರೀಖು, ಹುದ್ದೆ, ವಾರ್ಡು, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಸೀಲು. ವೆರಿಫಿಕೇಷನ್ ಮೇಲ್ ಯಾವ ವಿಳಾಸಕ್ಕೆ ಬಂದ್ರೆ ಉತ್ತರ ಕೊಡ್ತಾರೆ ಅಂತಲೂ ಕೇಳಿಕೊಳ್ಳಿ. ಯಾರೂ ಉತ್ತರಿಸದಿದ್ರೆ ಒಳ್ಳೇ ಲೆಟರ್ ಕೂಡ "ಅನೇಬಲ್ ಟು ವೆರಿಫೈ" ಆಗುತ್ತೆ.

ಈಗ ನನ್ನ ಅಭಿಪ್ರಾಯ. ಕೆಲವು ಆಸ್ಪತ್ರೆಗಳು "ಮೂರು ತಿಂಗಳ ಸಂಬಳ ಕಟ್ಟು, ಆಮೇಲೆ ಲೆಟರ್" ಅಂತಾವೆ. ನೋಟಿಸ್ ಬಾಕಿ ಇದ್ರೆ ಫೈನಲ್ ಸೆಟಲ್‌ಮೆಂಟ್‌ನಲ್ಲಿ ಲೆಕ್ಕ ಹಾಕಿ ಹಿಡ್ಕೊಳ್ಳಲಿ, ಅದು ದುಡ್ಡಿನ ವ್ಯವಹಾರ. ಮಾಡಿದ ಡ್ಯೂಟಿ ಆಗಿಹೋಗಿದೆ, ಅದನ್ನ ಒತ್ತೆ ಇಟ್ಟುಕೊಳ್ಳೋಕೆ ಯಾರಿಗೂ ಹಕ್ಕಿಲ್ಲ. ಆದರೆ ನಮ್ಮ ಹುಡುಗೀರಿಗೂ ಒಂದು ಮಾತು: ಆಫರ್ ಬಂತು ಅಂತ ಮರುದಿನದಿಂದ ಫೋನ್ ಸ್ವಿಚ್ ಆಫ್ ಮಾಡಿ ಹೋಗಬೇಡಿ. ನಿಮ್ಮ ಪಾಳಿಯನ್ನ ಇನ್ನೊಬ್ಬಳು ಡಬಲ್ ಮಾಡಿರ್ತಾಳೆ. ನಾಳೆ ವೆರಿಫಿಕೇಷನ್ ಮೇಲ್ ಬಂದಾಗ "ಹೇಳದೇ ಹೋದ್ರು" ಅಂತ ಬರೆದ್ರೆ ಅದೂ ಸುಳ್ಳಲ್ಲ.

ಚಿಕ್ಕಮ್ಮನ ಮಗಳು ಸೋಮವಾರ ಮತ್ತೆ ಎಚ್‌ಆರ್‌ಗೆ ಹೋಗ್ತಾಳೆ. ಅವಳದೂ ಆರು ತಿಂಗಳ ಪ್ರೊಬೇಷನ್ ಇದೆ. ಅಪಾಯಿಂಟ್‌ಮೆಂಟ್ ಆರ್ಡರ್ ಊರಲ್ಲಿ ಬೀರುವಿನಲ್ಲಿದೆಯಂತೆ. ಚಿಕ್ಕಮ್ಮಾ, ಇದನ್ನ ಓದ್ತಿದ್ರೆ ಇವತ್ತೇ ಹುಡುಕಿ ಫೋಟೋ ಕಳಿಸಿ.