ತಲೆ ಎಣಿಸಿ ಬಾಗಿಲು ತಟ್ಟಿ

ಕಳೆದ ವರ್ಷ ನಮ್ಮ ಕಾಕಾನ ಮಗ ಪುಣೆಯ ಕೆಲಸ ಬಿಟ್ಟು ಬೆಳಗಾವಿಗೆ ಹೋಗುವುದಾಗಿ ಹೇಳಿದ. ಐಟಿಐ ಟರ್ನರ್ ಓದಿದವನು. ಭೋಸರಿಯ ಒಂದು ಘಟಕದಲ್ಲಿ ಹನ್ನೊಂದು ವರ್ಷ ಸಿಎನ್‌ಸಿ ಲೇಥ್ ನೋಡಿಕೊಂಡು ಸೆಟ್ಟರ್ ಆಗಿದ್ದ. ಊರಲ್ಲಿ ಕಾಕಾಗೆ ಪಾರ್ಶ್ವವಾಯು ಬಡಿದಿತ್ತು. ಎರಡು ತಿಂಗಳು ಮೊಬೈಲಿನ ಜಾಬ್ ಆ್ಯಪ್‌ಗಳಲ್ಲೇ ಹುಡುಕಿದ. ಸಿಕ್ಕಿದ್ದೆಲ್ಲ ಬೆಂಗಳೂರಿನದು, ಇಲ್ಲವೇ ಮತ್ತೆ ಪುಣೆಯದೇ. ‘ಅಣ್ಣಾ, ಬೆಳಗಾವ್ಯಾಗ ಕೆಲಸಾನ ಇಲ್ಲೇನೋ’ ಅಂದ.

ನನ್ನ ಕೆಲಸ ಬಿಡಿಭಾಗ ಪೂರೈಸುವ ಘಟಕಗಳ ಗುಣಮಟ್ಟ ನೋಡುವುದು. ಅದಕ್ಕಾಗಿ ಉದ್ಯಮಬಾಗ, ಮಚ್ಛೆ ಕಡೆಗೆ ಆಗಾಗ ಹೋಗುತ್ತೇನೆ. ಅಲ್ಲಿನ ಮಾಲೀಕರು ನನ್ನ ಹತ್ತಿರ ಹೇಳಿಕೊಳ್ಳುವ ಮೊದಲ ಕಷ್ಟವೇ ಸೆಟ್ಟರ್ ಸಿಗುವುದಿಲ್ಲ ಎಂಬುದು. ಅಲ್ಲಿ ಕೆಲಸವಿದೆ, ಇಲ್ಲಿ ಕೆಲಸ ಬಲ್ಲವನಿದ್ದಾನೆ, ಆದರೂ ಇಬ್ಬರಿಗೂ ಭೇಟಿಯಿಲ್ಲ. ಇದಕ್ಕೆ ಕಾರಣವನ್ನು ನಾನು ಆ ನಂತರದ ನಾಲ್ಕು ತಿಂಗಳಲ್ಲಿ ಅವನ ಜೊತೆ ಓಡಾಡಿ ಕಲಿತೆ. ಸಣ್ಣ ಊರಿನಲ್ಲಿ ಯಾವ ಬಾಗಿಲು ತಟ್ಟಬೇಕೆಂಬುದನ್ನು ತೀರ್ಮಾನಿಸುವುದು ಆ ಘಟಕದಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂಬ ಸಂಖ್ಯೆ.

ಮೊದಲು ಉದ್ಯೋಗ ವಿನಿಮಯ ಕಚೇರಿಯ ಮಾತು. ಹೊರಗಿರುವ ನಮ್ಮಲ್ಲಿ ಹೆಚ್ಚಿನವರು ಓದು ಮುಗಿದ ವರ್ಷ ಅಲ್ಲಿ ಹೆಸರು ಬರೆಸಿ ಮರೆತವರು. 1959ರ ಕಾಯ್ದೆಯ ಪ್ರಕಾರ ಸರ್ಕಾರಿ ವಲಯದ ಎಲ್ಲ ಸಂಸ್ಥೆಗಳೂ, 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳೂ ತಮ್ಮ ಖಾಲಿ ಹುದ್ದೆಗಳನ್ನು ಈ ಕಚೇರಿಗೆ ತಿಳಿಸಬೇಕಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಮಿತಿಯನ್ನು 20ಕ್ಕೆ ಇಳಿಸಿದೆ. ಆದರೆ ಕಾನೂನು ಕೇಳುವುದು ತಿಳಿಸಿ ಎಂದಷ್ಟೇ, ಅಲ್ಲಿಂದಲೇ ಆಳು ತೆಗೆದುಕೊಳ್ಳಿ ಎಂದಲ್ಲ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ, ಬಡ್ತಿಯಿಂದ ತುಂಬುವ ಹುದ್ದೆ ಇವೆಲ್ಲ ಹಳೆಯ ಕಾಯ್ದೆಯ ಲೆಕ್ಕದ ಹೊರಗೇ ಇದ್ದವು. ಹದಿನಾಲ್ಕು ಜನರ ವರ್ಕ್‌ಶಾಪಿಗಂತೂ ತಿಳಿಸುವ ಹೊಣೆಯೇ ಇಲ್ಲ.

ಹಾಗೆಂದು ಆ ಬಾಗಿಲು ವ್ಯರ್ಥ ಎನ್ನಲಾರೆ. ತಮ್ಮನನ್ನು ಕರೆದುಕೊಂಡು ಹೋದಾಗ ಎರಡು ತಪ್ಪು ಸಿಕ್ಕವು, ಎರಡೂ ನಮ್ಮವೇ. ಒಂದು, ನೋಂದಣಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅವನು ಒಮ್ಮೆಯೂ ಮಾಡಿಸಿರಲಿಲ್ಲ. ಗಡುವು ಮೀರಿದರೆ ಹೊಸದಾಗಿ ಹೆಸರು ಬರೆಸಬೇಕು, ಹಳೆಯ ಹಿರಿತನ ಹೋಗುತ್ತದೆ. ಎರಡನೆಯದು ಇದಕ್ಕಿಂತ ದೊಡ್ಡದು. ಕಚೇರಿಯವರು ಹೆಸರು ಹುಡುಕುವುದು ವೃತ್ತಿಯ ಸಂಕೇತ ಸಂಖ್ಯೆಯ ಮೇಲೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಾಡಿಸಿದ ಕಾರ್ಡಿನಲ್ಲಿ ಇವನು ‘ಟರ್ನರ್, ಅನುಭವ ಇಲ್ಲ’. ಸಿಎನ್‌ಸಿ ಸೆಟ್ಟರ್ ಬೇಕೆಂದು ಯಾರಾದರೂ ಬರೆದು ಕೇಳಿದರೂ ಇವನ ಹೆಸರು ಆ ಪಟ್ಟಿಗೆ ಬರುವಂತಿರಲಿಲ್ಲ. ‘ಹನ್ನೆರಡು ವರ್ಷ ಆತು, ಒಂದ ಪತ್ರಾನೂ ಬರಲಿಲ್ಲ’ ಎಂದು ಕಚೇರಿಯನ್ನು ಬೈಯುತ್ತಿದ್ದವನು ಕಾರ್ಡ್ ನೋಡಿ ಸುಮ್ಮನಾದ. ಅನುಭವ ಪತ್ರ, ಎನ್‌ಸಿವಿಟಿ ಪ್ರಮಾಣಪತ್ರ, ಆಧಾರ್ ಕೊಟ್ಟು ಹೊಸ ನೋಂದಣಿಯಲ್ಲಿ ಸೆಟ್ಟರ್ ಎಂದೇ ಬರೆಸಿದೆವು. ಕೇಂದ್ರದ ncs.gov.in ತಾಣದಲ್ಲೂ ಅದೇ ವಿವರ ತುಂಬಿದೆವು. ಎರಡಕ್ಕೂ ಶುಲ್ಕವಿಲ್ಲ. ಯಾರಾದರೂ ನೋಂದಣಿಗೆ ಹಣ ಕೇಳಿದರೆ ಆತ ಕಚೇರಿಯವನಲ್ಲ ಎಂದು ತಿಳಿಯಿರಿ.

ಎರಡನೆಯ ಬಾಗಿಲು ಫಲಕ. ಐಟಿಐ ಆವರಣದ ಫಲಕ, ಕೈಗಾರಿಕಾ ಸಂಘದ ಕಚೇರಿಯ ಫಲಕ, ಕಾರ್ಖಾನೆ ಗೇಟಿನ ಮೇಲಿನ ‘ಬೇಕಾಗಿದ್ದಾರೆ’ ಚೀಟಿ. ಮೂವತ್ತು-ನಲವತ್ತು ಜನರ ಘಟಕಗಳು ಸಾಮಾನ್ಯವಾಗಿ ಇಲ್ಲಿ ಸಿಗುತ್ತವೆ. ಬೆಳಗಾವಿಯಲ್ಲಿ ಈ ಚೀಟಿಗಳು ಕನ್ನಡ, ಮರಾಠಿ, ಇಂಗ್ಲಿಷ್ ಯಾವುದರಲ್ಲೂ ಇರಬಹುದು. ಅವನ್ನು ಓದುವುದಕ್ಕೂ ಒಂದು ಕ್ರಮವಿದೆ. ತಾರೀಖು ಇದೆಯೇ, ಘಟಕದ ಹೆಸರು ಮತ್ತು ಪ್ಲಾಟ್ ನಂಬರ್ ಇದೆಯೇ, ಯಂತ್ರದ ಹೆಸರು ಬರೆದಿದ್ದಾರೆಯೇ ನೋಡಬೇಕು. ಯಂತ್ರ ಮತ್ತು ಅದರ ಕಂಟ್ರೋಲ್ ಯಾವುದೆಂದು ಬರೆದವನಿಗೆ ನಿಜವಾಗಿ ಆಳು ಬೇಕಾಗಿದೆ. ಬರೀ ಮೊಬೈಲ್ ನಂಬರ್, ‘ಕೈತುಂಬ ಸಂಬಳ’, ‘ಊಟ ವಸತಿ ಉಚಿತ’ ಎಂದಿದ್ದರೆ ಅದು ಹೆಚ್ಚಾಗಿ ಗುತ್ತಿಗೆದಾರನ ಚೀಟಿ. ಡಿಪಾಸಿಟ್ ಕೇಳಿದರೆ ಅಲ್ಲಿಂದಲೇ ವಾಪಸ್ ಬರಬೇಕು. ನಾವು ಒಂದು ಶನಿವಾರ ಎರಡು ಕೈಗಾರಿಕಾ ಪ್ರದೇಶ ಸುತ್ತಿ ಹನ್ನೊಂದು ಚೀಟಿಗಳ ಫೋಟೊ ತೆಗೆದುಕೊಂಡೆವು. ಫೋನ್ ಮಾಡಿದಾಗ ಆರು ಹಳೆಯವು, ಮೂರು ಗುತ್ತಿಗೆದಾರರವು. ಉಳಿದ ಎರಡಕ್ಕೆ ಸಂದರ್ಶನಕ್ಕೆ ಹೋದ. ಒಂದು ಕಡೆ ಬರೀ ರಾತ್ರಿ ಪಾಳಿ, ಇನ್ನೊಂದು ಕಡೆ ಸೆಟ್ಟರ್ ಕೆಲಸಕ್ಕೆ ಆಪರೇಟರ್ ಸಂಬಳ. ಎರಡನ್ನೂ ಬಿಟ್ಟ.

ಮೂರನೆಯ ಬಾಗಿಲಿಗೆ ಫಲಕವೂ ಇಲ್ಲ, ಕಚೇರಿಯೂ ಇಲ್ಲ. ಹತ್ತು-ಹದಿನೈದು ಜನರ ಘಟಕದ ಮಾಲೀಕ ಚೀಟಿ ಅಂಟಿಸುವುದಿಲ್ಲ. ತಾನು ವ್ಯವಹರಿಸುವ ನಾಲ್ಕು ಮಂದಿಯ ಹತ್ತಿರ ‘ಒಬ್ಬ ಹುಡುಗ ಇದ್ದರ ಹೇಳ್ರಿ’ ಅನ್ನುತ್ತಾನೆ. ಆ ನಾಲ್ಕು ಮಂದಿ ಯಾರೆಂದು ಗೊತ್ತಿರಬೇಕು. ಲೇಥ್ ಕೆಲಸದಲ್ಲಿ ಅವರು ಇನ್ಸರ್ಟ್, ಡ್ರಿಲ್ ಮಾರುವ ಟೂಲ್ ಅಂಗಡಿಯವರು, ಯಂತ್ರ ರಿಪೇರಿಯ ಸರ್ವಿಸ್ ಎಂಜಿನಿಯರ್, ಹತ್ತಾರು ಘಟಕಗಳ ಜಿಎಸ್‌ಟಿ ಲೆಕ್ಕ ಬರೆಯುವ ತೆರಿಗೆ ಸಲಹೆಗಾರ, ಜಾಬ್‌ವರ್ಕ್ ಮಾಲು ಸಾಗಿಸುವ ಟೆಂಪೊ ಚಾಲಕ. ಇವರಲ್ಲಿ ಟೂಲ್ ಅಂಗಡಿಯವರಿಗೆ ಸುದ್ದಿ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಹೊಸ ಯಂತ್ರ ಇಳಿದರೆ ಅದಕ್ಕೆ ಟೂಲ್ ಹೋಲ್ಡರ್‌ಗಳ ಪೂರ್ತಿ ಸೆಟ್ ಬೇಕು. ಆ ಬಿಲ್ ಆದ ವಾರವೇ ಅದನ್ನು ನಡೆಸುವವನೂ ಬೇಕು.

ನಾವು ಉದ್ಯಮಬಾಗದ ಒಂದು ಟೂಲ್ ಅಂಗಡಿಯಲ್ಲಿ ಕೂತು ಚಹಾ ಕುಡಿದು ವಿಷಯ ಹೇಳಿದೆವು. ತಮ್ಮ ತನ್ನ ಮೊಬೈಲಿನಲ್ಲಿ ತಾನು ಸೆಟ್ ಮಾಡಿದ ಬಿಡಿಭಾಗಗಳ ಚಿತ್ರ ತೋರಿಸಿದ, ಯಾವ ಕಂಟ್ರೋಲ್ ಗೊತ್ತು, ಎಷ್ಟು ಮೈಕ್ರಾನ್ ಒಳಗೆ ಹಿಡಿದಿದ್ದೇನೆ ಎಂದ. ಅರ್ಜಿಗಿಂತ ಈ ಮಾತಿಗೆ ಅಲ್ಲಿ ತೂಕ. ಅಂಗಡಿಯವರು ‘ಹೋದ ತಿಂಗಳ ಒಬ್ಬರ ಕಡೆ ಎರಡ ಮಷಿನ್ ಇಳದಾವ್ರಿ, ಒಂದ ಇನ್ನೂ ಖಾಲಿ ನಿಂತೈತಿ’ ಎಂದು ಅಲ್ಲಿಂದಲೇ ಫೋನ್ ಮಾಡಿದರು. ಹದಿನಾಲ್ಕು ಜನರ ಘಟಕ. ಮರುದಿನ ಯಂತ್ರದ ಮುಂದೆಯೇ ಪರೀಕ್ಷೆ, ಒಂದು ಬುಷ್ ಸೆಟ್ ಮಾಡಿ ಮೊದಲ ತುಂಡು ಅಳತೆಗೆ ತರುವುದು. ಸಂಜೆಯೇ ಮಾತು ಮುಗಿಯಿತು. ತಿಂಗಳಿಗೆ 24,000.

ಅವನು ಹೂಂ ಅನ್ನುವವನಿದ್ದ. ಒಂದು ದಿನ ತಡಿ ಎಂದೆ. ನಮಗೆ ಬಾಗಿಲು ತೋರಿಸಿದ ತಲೆ ಎಣಿಕೆಯೇ ಇಲ್ಲಿ ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಭವಿಷ್ಯ ನಿಧಿ ಕಡ್ಡಾಯವಾಗುವುದು 20 ಜನರಿಂದ. ಇಎಸ್‌ಐ 10 ಜನರಿಂದ ಇದ್ದರೂ ಸಂಬಳ 21,000 ದಾಟಿದವರಿಗೆ ಅದು ಸಿಗುವುದಿಲ್ಲ. ಅಂದರೆ ಹದಿನಾಲ್ಕು ಜನರ ಘಟಕದಲ್ಲಿ 24,000 ಪಡೆಯುವವನಿಗೆ ಎರಡೂ ಇಲ್ಲ.

ಚೀಟಿಯ ಹಿಂದೆ ಲೆಕ್ಕ ಹಾಕಿದೆವು. ಪುಣೆಯಲ್ಲಿ ಕಡಿತ ಕಳೆದು ಕೈಗೆ 30,000. ಬಾಡಿಗೆ 9,000, ಊರಿಗೆ ಹೋಗಿಬರುವ ಖರ್ಚು 2,000, ಉಳಿಯುವುದು 19,000. ಬೆಳಗಾವಿಯಲ್ಲಿ ಸ್ವಂತ ಮನೆ, ಬೈಕಿನ ಪೆಟ್ರೋಲಿಗೆ 2,000 ಹೋಗಿ ಉಳಿಯುವುದು 22,000. ಮೂರು ಸಾವಿರ ಲಾಭ ಎಂದು ಕಾಣುತ್ತದೆ. ಆದರೆ ಪುಣೆಯಲ್ಲಿ ಅವನ ಪಾಲು 1,800, ಕಂಪನಿಯ ಪಾಲು 1,800 ಸೇರಿ ತಿಂಗಳಿಗೆ 3,600 ಭವಿಷ್ಯ ನಿಧಿ ಲೆಕ್ಕಕ್ಕೆ ಹೋಗುತ್ತಿತ್ತು. ಕಂಪನಿಯ ಆರೋಗ್ಯ ವಿಮೆಯೂ ಇತ್ತು, ಸ್ವಂತ ಮಾಡಿಸಿದರೆ ತಿಂಗಳಿಗೆ 1,500 ಬೀಳುತ್ತಿತ್ತು. ಎರಡೂ ಸೇರಿ 5,100. ಮೂರು ಸಾವಿರದ ಲಾಭ ನಿಜದಲ್ಲಿ 2,100ರ ನಷ್ಟ.

ಮರುದಿನ ಈ ಚೀಟಿಯನ್ನೇ ಮಾಲೀಕರ ಮುಂದಿಟ್ಟ. ಜನ ಕಡಿಮೆ ಇದ್ದರೂ ಮಾಲೀಕರು ಮತ್ತು ಬಹುಪಾಲು ಕೆಲಸಗಾರರು ಒಪ್ಪಿದರೆ ಭವಿಷ್ಯ ನಿಧಿಗೆ ಸ್ವಇಚ್ಛೆಯಿಂದ ಸೇರಲು ಅವಕಾಶವಿದೆ ಎಂದೂ ಹೇಳಿದ. ಅದಕ್ಕೆ ಅವರು ಒಪ್ಪಲಿಲ್ಲ. ಸಂಬಳ 25,000 ಮಾಡಿ ವಿಮೆಯ ಕಂತು ತಾವೇ ಕಟ್ಟುವುದಾಗಿ ಹೇಳಿದರು. ಈಗ ಕೈಯಲ್ಲಿ ಉಳಿಯುವ 23,000ದಲ್ಲಿ 3,600 ಅವನೇ ಪಿಪಿಎಫ್‌ಗೆ ಕಟ್ಟುತ್ತಾನೆ. ಪುಣೆಯ ಲೆಕ್ಕಕ್ಕೂ ಇಲ್ಲಿಯದಕ್ಕೂ ಹೆಚ್ಚುಕಡಿಮೆ ಸರಿಹೋಯಿತು. ಹಳೆಯ ಭವಿಷ್ಯ ನಿಧಿಯನ್ನು ಪೂರ್ತಿ ತೆಗೆಯಬೇಡ ಎಂದೂ ಹೇಳಿದೆ. ಹತ್ತು ವರ್ಷ ಸೇವೆ ದಾಟಿದವರಿಗೆ 58ನೇ ವಯಸ್ಸಿನಲ್ಲಿ ಪಿಂಚಣಿಯ ಹಕ್ಕಿದೆ, ಅದಕ್ಕೆ ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಳ್ಳಬೇಕು.

ಅವನಿಗೆ ಕೆಲಸ ಸಿಕ್ಕಿತು. ಆದರೆ ಅದು ಸಿಕ್ಕಿದ್ದು ಟೂಲ್ ಅಂಗಡಿಯಲ್ಲಿ ನನ್ನ ಪರಿಚಯವಿತ್ತು ಎಂಬ ಕಾರಣಕ್ಕೆ, ಇದು ನನ್ನನ್ನು ಕೊರೆಯುತ್ತದೆ. ಪರಿಚಯವಿಲ್ಲದವನ ಗತಿ? ಮೂರನೆಯ ಬಾಗಿಲು ಬಂಧುಬಳಗ, ಜಾತಿ, ಭಾಷೆಯ ಗುರುತಿನವರಿಗೇ ಬೇಗ ತೆರೆಯುತ್ತದೆ. ಹೆಣ್ಣುಮಕ್ಕಳು ಟೂಲ್ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೆಲಸ ಕೇಳುವುದು ಇನ್ನೂ ಸುಲಭವಲ್ಲ.

ಸರ್ಕಾರಿ ನೇಮಕಾತಿಯಲ್ಲಿ ಈ ಪ್ರಶ್ನೆ ಹಿಂದೆಯೇ ಬಂದಿತ್ತು. ಆಂಧ್ರದ ಕೃಷ್ಣಾ ಜಿಲ್ಲೆಯ ಅಬಕಾರಿ ಇಲಾಖೆಯ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ವಿನಿಮಯ ಕಚೇರಿಯ ಪಟ್ಟಿಯೊಂದೇ ಸಾಲದು, ಪತ್ರಿಕೆಯಲ್ಲಿ ಪ್ರಕಟಿಸಿ, ಕಚೇರಿ ಫಲಕದಲ್ಲೂ ಹಾಕಿ, ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು ಎಂದಿತು. ಪಟ್ಟಿಯೂ ಫಲಕವೂ ಜೊತೆಗಿರಬೇಕೆಂಬ ಆ ಮಾತು ಸಣ್ಣ ಊರಿನ ಖಾಸಗಿ ಕೆಲಸಕ್ಕೂ ಹೊಂದುತ್ತದೆ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಕೈಗಾರಿಕಾ ಸಂಘಗಳು ವಾರಕ್ಕೊಮ್ಮೆ ತಮ್ಮ ಸದಸ್ಯರಿಗೆ ಫೋನ್ ಮಾಡಿ ಖಾಲಿ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿ ವಿನಿಮಯ ಕಚೇರಿಗೆ, ಒಂದು ಐಟಿಐ ಫಲಕಕ್ಕೆ ಕೊಟ್ಟರೆ ಸಾಕು. ಕಾನೂನಿನ ಮಿತಿಗಿಂತ ಕಡಿಮೆ ಜನರಿರುವ ಘಟಕ ತಿಳಿಸಬೇಕಿಲ್ಲ ನಿಜ, ತಿಳಿಸಬಾರದೆಂದು ಯಾರೂ ಹೇಳಿಲ್ಲ.

ಅದು ಆಗುವವರೆಗೆ, ಊರಿಗೆ ಮರಳುವ ಯೋಚನೆ ಇರುವವರು ಮುಂದಿನ ರಜೆಯಲ್ಲಿ ಹೋದಾಗ ಮೊದಲು ತಮ್ಮ ಹಳೆಯ ಕಾರ್ಡಿನಲ್ಲಿ ಏನು ಬರೆದಿದೆ ಎಂದು ನೋಡಿಕೊಂಡು ಬನ್ನಿ. ನಮ್ಮಲ್ಲಿ ಅನೇಕರು ಅಲ್ಲಿ ಇನ್ನೂ ಹತ್ತೊಂಬತ್ತು ವರ್ಷದವರೇ ಆಗಿದ್ದೇವೆ.