ಐದು ಲೀಟರ್ ಪೆಟ್ರೋಲಿನ ಲೆಕ್ಕ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಒಂದು ಟೋಲ್ ನಾಕೆಯ ಹೆಸರಾಗಿಯಷ್ಟೇ ಪರಿಚಿತ. ನಿವೃತ್ತಿಯ ನಂತರ ಈ ಭಾಗದಲ್ಲಿ ನೆಲೆಸಿದ ನನ್ನಂಥವರಿಗೆ ಅದು ಬೆಳಗಾವಿಯ ಆಸ್ಪತ್ರೆಗಳಿಗೆ ಹೊರಡುವ ದಾರಿಯೂ ಹೌದು. ಕಳೆದ ವರ್ಷ ನೆರೆಮನೆಯ ನಿವೃತ್ತ ಶಿಕ್ಷಕರೊಬ್ಬರು ಕಾಗದ, ಪೆನ್ನು ಹಿಡಿದು ನನ್ನಲ್ಲಿಗೆ ಬಂದರು. ಅವರ ಪತ್ನಿಗೆ ಪಾರ್ಶ್ವವಾಯುವಾಗಿ, ವಾರಕ್ಕೆ ಎರಡು ಸಲ ಬೆಳಗಾವಿಯಲ್ಲಿ ಫಿಸಿಯೋಥೆರಪಿ ಮಾಡಿಸಬೇಕಾಗಿತ್ತು. ಬಾಡಿಗೆ ಕಾರಿನವನು ಹೋಗಿ ಬರಲು 1,800 ರೂಪಾಯಿ ಪಡೆಯುತ್ತಿದ್ದ. ಪುಣೆಯಲ್ಲಿರುವ ಮಗ, ನಿವೃತ್ತಿಯ ಹಣದಲ್ಲಿ ಒಂದು ಸಣ್ಣ ಕಾರು ಕೊಂಡುಬಿಡಿ ಎಂದು ಒತ್ತಾಯಿಸುತ್ತಿದ್ದ. ಮಾಸ್ತರರ ಪ್ರಶ್ನೆ ನೇರವಾಗಿತ್ತು: ‘ಸಾಹೇಬ್ರ, ಐದು ಲೀಟರ್ ಪೆಟ್ರೋಲ್‌ನ್ಯಾಗ ಹೋಗಿ ಬರೂ ದಾರಿಗೆ ಹದಿನೆಂಟುನೂರು ಯಾಕ ಕೊಡಬೇಕ್ರಿ?’

ಅವರ ಪ್ರಶ್ನೆ ನ್ಯಾಯವಾದದ್ದೇ. ಮನೆಯ ಬಾಗಿಲಿನಿಂದ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್. ಹೋಗಿ ಬರಲು 80. ಲೀಟರಿಗೆ 16 ಕಿಲೋಮೀಟರ್ ಓಡುವ ಕಾರಿಗೆ ಐದು ಲೀಟರ್ ಸಾಕು. ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ 515 ರೂಪಾಯಿ. ಟಯರು, ಆಯಿಲ್, ಬ್ರೇಕುಗಳ ಸವೆತಕ್ಕೆ ಇನ್ನೊಂದು 85 ಸೇರಿಸಿದರೂ 600 ದಾಟುವುದಿಲ್ಲ. ಹಾಗಾದರೆ ಉಳಿದ 1,200 ರೂಪಾಯಿ ಬಾಡಿಗೆಯವನ ಲಾಭವೇ? ಕಾರು ಕೊಳ್ಳಲು ಹೊರಟ ಬಹುತೇಕರು ಈ ಪ್ರಶ್ನೆಯನ್ನು ಕೇಳಿ, ಹೌದೆಂದು ತಾವೇ ಉತ್ತರಿಸಿಕೊಂಡು, ಷೋರೂಮಿನ ಮೆಟ್ಟಿಲು ಹತ್ತುತ್ತಾರೆ. ಲೆಕ್ಕ ತಪ್ಪುವುದು ಇಲ್ಲಿಯೇ. ಪೆಟ್ರೋಲಿನ ಹಣ ಕಿಸೆಯಿಂದ ವಾರವಾರವೂ ಹೋಗುವುದರಿಂದ ಕಣ್ಣಿಗೆ ಕಾಣುತ್ತದೆ. ಕಾರು ಮನೆಯಂಗಳದಲ್ಲಿ ಸುಮ್ಮನೆ ನಿಂತಿದ್ದಾಗಲೂ ಆಗುವ ಖರ್ಚು ಕಾಣುವುದಿಲ್ಲ.

ಆ ಕಾಣದ ಖರ್ಚನ್ನು ಮಾಸ್ತರರ ಕಾಗದದ ಮೇಲೆಯೇ ಬರೆದೆವು. ಅವರು ಮೆಚ್ಚಿದ್ದ ಕಾರಿನ ಷೋರೂಂ ಬೆಲೆ 6 ಲಕ್ಷ. ಕರ್ನಾಟಕದಲ್ಲಿ 5ರಿಂದ 10 ಲಕ್ಷ ರೂಪಾಯಿ ಬೆಲೆಯ ಕಾರಿಗೆ ಶೇ 14ರಷ್ಟು ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್. ಇವೆರಡೇ 93,000 ರೂಪಾಯಿಗಳಾಗುತ್ತವೆ. ನೋಂದಣಿ ಮತ್ತು ಮೊದಲ ವಿಮೆ ಸೇರಿ ರಸ್ತೆಗಿಳಿಯುವ ಹೊತ್ತಿಗೆ 7.2 ಲಕ್ಷ. ಎಂಟು ವರ್ಷ ಬಳಸಿ 2 ಲಕ್ಷಕ್ಕೆ ಮಾರಿದರೆಂದು ಭಾವಿಸೋಣ. ಕರಗಿದ 5.2 ಲಕ್ಷವನ್ನು 96 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 5,400 ರೂಪಾಯಿ. ಇದು ಸವಕಳಿ.

ಎರಡನೆಯದು ಬಡ್ಡಿ. ಸಾಲ ಮಾಡಿದವರಿಗೆ ಇದು ಕಂತಿನ ರೂಪದಲ್ಲಿ ಕಾಣುತ್ತದೆ. ಸ್ವಂತ ಹಣ ಹಾಕಿದವರು ಮರೆತೇಬಿಡುತ್ತಾರೆ. ಆದರೆ ಅದೇ ಹಣ ಬ್ಯಾಂಕಿನ ಠೇವಣಿಯಲ್ಲಿದ್ದರೆ ಬಡ್ಡಿ ಬರುತ್ತಿತ್ತಲ್ಲವೇ? ಎಂಟು ವರ್ಷಗಳಲ್ಲಿ ಕಾರಿನಲ್ಲಿ ಸಿಲುಕಿರುವ ಸರಾಸರಿ ಮೊತ್ತ 4.6 ಲಕ್ಷ, ಶೇ 7ರಂತೆ ತಿಂಗಳಿಗೆ ಸುಮಾರು 2,700 ರೂಪಾಯಿ. ಇದರ ಜೊತೆಗೆ ವಿಮೆಗೆ ಸರಾಸರಿ 1,200, ಕಾರು ಓಡಲಿ ಬಿಡಲಿ ಮಾಡಿಸಲೇಬೇಕಾದ ವಾರ್ಷಿಕ ಸರ್ವೀಸಿಗೆ 800. ಒಟ್ಟು 10,100 ರೂಪಾಯಿ. ಒಂದು ಕಿಲೋಮೀಟರೂ ಓಡಿಸದಿದ್ದರೂ ಕಾರು ಪ್ರತಿ ತಿಂಗಳು ಬೇಡುವ ಕಪ್ಪ ಇದು.

ಇನ್ನು ಹೋಲಿಕೆ ಸುಲಭ. ಸ್ವಂತ ಕಾರಿನಲ್ಲಿ ಹೋದರೆ ಪ್ರತಿ ಸಲ 1,800ರ ಬದಲು 600. ಅಂದರೆ 1,200 ರೂಪಾಯಿ ಉಳಿತಾಯ. ಈ ಉಳಿತಾಯವೇ 10,100ರ ಕಪ್ಪವನ್ನು ತೀರಿಸಬೇಕು. ಭಾಗಿಸಿದರೆ ಎಂಟೂವರೆಗೆ ಹತ್ತಿರದ ಸಂಖ್ಯೆ ಬರುತ್ತದೆ. ತಿಂಗಳಿಗೆ ಒಂಬತ್ತು ಅಥವಾ ಹೆಚ್ಚು ಸಲ ಹೋಗುವವರಿಗೆ ಕಾರು ಲಾಭ; ಎಂಟು ಅಥವಾ ಕಡಿಮೆಯಾದರೆ ಬಾಡಿಗೆಯೇ ಮಿತವ್ಯಯ. ಮಾಸ್ತರರದು ತಿಂಗಳಿಗೆ ಎಂಟು ಪ್ರಯಾಣ. ಬಾಡಿಗೆಗೆ 14,400, ಸ್ವಂತ ಕಾರಿಗೆ 14,900. ಐದುನೂರು ರೂಪಾಯಿಯ ಅಂತರ ಗೆರೆಯ ಮೇಲೆ ನಿಂತಂತೆಯೇ ಸರಿ. ಹೀಗಿರುವಾಗ ತೀರ್ಮಾನ ಮಾಡಬೇಕಾದದ್ದು ಕಿಲೋಮೀಟರುಗಳಲ್ಲ, ಬೇರೆ ಎರಡು ಸಂಗತಿಗಳು.

ಮೊದಲನೆಯದು, ಸ್ಟೇರಿಂಗ್ ಹಿಡಿಯುವವರು ಯಾರು? ಮಾಸ್ತರರಿಗೆ ವಯಸ್ಸು ಅರವತ್ತೆಂಟು. ಲಾರಿಗಳ ನಡುವೆ ಹೆದ್ದಾರಿಯಲ್ಲಿ ನಡೆಸುವ ಧೈರ್ಯ ಅವರಿಗಿರಲಿಲ್ಲ. ಒಬ್ಬ ಡ್ರೈವರ್‌ನನ್ನು ಕರೆದುಕೊಂಡರಾಯಿತು ಎಂದಿದ್ದರು. ದಿನಕ್ಕೆ 700 ರೂಪಾಯಿ ಕೂಲಿ ಕೊಟ್ಟರೆ ಪ್ರತಿ ಪ್ರಯಾಣದ ಉಳಿತಾಯ 1,200ರಿಂದ 500ಕ್ಕೆ ಇಳಿಯುತ್ತದೆ. ಆಗ ಕಾರು ಲಾಭವಾಗಲು ತಿಂಗಳಿಗೆ ಒಂಬತ್ತಲ್ಲ, ಇಪ್ಪತ್ತಕ್ಕೂ ಹೆಚ್ಚು ಪ್ರಯಾಣಗಳು ಬೇಕು. ಬಾಡಿಗೆಯವನ 1,800ರಲ್ಲಿ ಅಡಗಿರುವುದು ಇದೇ. ನಗರದ ಕ್ಯಾಬ್ ನಿಮ್ಮನ್ನಿಳಿಸಿ ಮತ್ತೊಬ್ಬರನ್ನು ಹತ್ತಿಸಿಕೊಳ್ಳುತ್ತದೆ. ಹತ್ತರಗಿಯಿಂದ ಬಂದ ಕಾರು ಆಸ್ಪತ್ರೆಯ ಮುಂದೆ ಮೂರು ತಾಸು ಕಾಯುತ್ತದೆ. ನಾವು ಕೊಳ್ಳುವುದು 80 ಕಿಲೋಮೀಟರನ್ನಲ್ಲ, ಒಬ್ಬ ಮನುಷ್ಯನ ದಿನವನ್ನು.

ಬೆಂಗಳೂರಿನ ಓದುಗರು ತಮ್ಮ ಲೆಕ್ಕವನ್ನೂ ಹೀಗೆಯೇ ಹಾಕಬಹುದು. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ನಿಗದಿಪಡಿಸಿದ ಏಕರೂಪ ದರದಂತೆ, 10 ಲಕ್ಷದವರೆಗಿನ ಬೆಲೆಯ ಟ್ಯಾಕ್ಸಿಗೆ ಮೊದಲ ನಾಲ್ಕು ಕಿಲೋಮೀಟರಿಗೆ 100 ರೂಪಾಯಿ, ನಂತರ ಕಿಲೋಮೀಟರಿಗೆ 24. ಕಚೇರಿ 12 ಕಿಲೋಮೀಟರ್ ದೂರವಿದ್ದರೆ ಒಂದು ಕಡೆಗೆ 292. ಇಪ್ಪತ್ತೆರಡು ದಿನ ಹೋಗಿ ಬಂದರೆ, ತೆರಿಗೆ ಬಿಟ್ಟು, ಸುಮಾರು 12,850. ಅದೇ 528 ಕಿಲೋಮೀಟರನ್ನು ದಟ್ಟಣೆಯಲ್ಲಿ ಕಿಲೋಮೀಟರಿಗೆ 9 ರೂಪಾಯಿಯಂತೆ ಸ್ವಂತ ಕಾರಿನಲ್ಲಿ ಓಡಿಸಿದರೆ 4,750. ಅದಕ್ಕೆ 10,100ರ ಕಪ್ಪ ಸೇರಿ 14,850, ಪಾರ್ಕಿಂಗ್ ಬೇರೆ. ಅಲ್ಲಿ ಕ್ಯಾಬ್ ಕಾಯುವುದಿಲ್ಲವಾದ್ದರಿಂದ ತಿಂಗಳಿಗೆ ನಲವತ್ತನಾಲ್ಕು ಸಲ ಹತ್ತಿದರೂ ಬಾಡಿಗೆ ಹಿಂದೆ ಬೀಳುವುದಿಲ್ಲ.

ಎರಡನೆಯ ಸಂಗತಿ ಅವಧಿ. ಚಿಕಿತ್ಸೆ ಎಂಟು ವರ್ಷ ನಡೆಯುವುದಿಲ್ಲ. ನಡೆಯಬಾರದು ಎಂದೇ ಎಲ್ಲರ ಹಾರೈಕೆ. ಮೊದಲ ವರ್ಷದ ಕೊನೆಗೆ ವಾರಕ್ಕೊಮ್ಮೆ ಸಾಕು ಎಂದು ವೈದ್ಯರು ಹೇಳಿದರೆ ಬಾಡಿಗೆಯ ವೆಚ್ಚ ತಾನಾಗಿ 7,200ಕ್ಕೆ ಇಳಿಯುತ್ತದೆ. ಕಾರಿನದು 12,500ರಲ್ಲೇ ನಿಲ್ಲುತ್ತದೆ. ಬೇಡವಾದಾಗ ಮಾರಿದರಾಯಿತು ಎನ್ನುವವರು ಸವಕಳಿಯ ಸ್ವಭಾವವನ್ನು ಗಮನಿಸಬೇಕು. ಅದು ವರ್ಷವರ್ಷವೂ ಸಮನಾಗಿ ಆಗುವುದಿಲ್ಲ. ವಿಮೆಯ ಲೆಕ್ಕದಲ್ಲೇ ಮೊದಲ ವರ್ಷ ಮುಗಿಯುವಷ್ಟರಲ್ಲಿ ಕಾರಿನ ಮೌಲ್ಯದಿಂದ ಶೇ 15 ಕಳೆಯುತ್ತಾರೆ. ತೆರಿಗೆ, ನೋಂದಣಿಗಳ ಹಣ ಮಾರುವಾಗ ಪೂರ್ತಿಯಾಗಿ ಮರಳುವುದಿಲ್ಲ. ನಮ್ಮ ಉದಾಹರಣೆಯಲ್ಲಿ 90,000 ಮತ್ತು 1.2 ಲಕ್ಷ ಸೇರಿ ಒಂದೇ ವರ್ಷದಲ್ಲಿ 2 ಲಕ್ಷದ ಆಸುಪಾಸು ಕರಗಬಹುದು. ತಿಂಗಳಿಗೆ ಹಂಚಿದರೆ ಅದೊಂದೇ ಬಾಡಿಗೆಯ ಪೂರ್ಣ ಮೊತ್ತವನ್ನು ಮೀರಿಸುತ್ತದೆ.

ಕಾರಿನ ಪರವಾಗಿ ಹೇಳಬೇಕಾದುದನ್ನೂ ಹೇಳಬೇಕು. ಕಪ್ಪವನ್ನು ಒಮ್ಮೆ ಕಟ್ಟಿದ ಮೇಲೆ ಹುಕ್ಕೇರಿಗೋ ಗೋಕಾಕಕ್ಕೋ ಮತ್ತೊಂದು ಸಲ ಹೋಗಿ ಬರಲು ಆಗುವ ಹೆಚ್ಚುವರಿ ಖರ್ಚು ಕಿಲೋಮೀಟರಿಗೆ ಏಳೂವರೆ ರೂಪಾಯಿ ಮಾತ್ರ. ತಾವೇ ನಡೆಸುವ, ಸುತ್ತಮುತ್ತ ಓಡಾಟ ಹೆಚ್ಚಿರುವ ಕುಟುಂಬಕ್ಕೆ ಕಾರು ದುಬಾರಿಯಲ್ಲ. ಟೋಲ್‌ನಲ್ಲಿಯೂ ಸ್ವಂತ ಕಾರಿಗೆ ಅನುಕೂಲವಿದೆ: ನಾಕೆಯಿಂದ 20 ಕಿಲೋಮೀಟರಿನೊಳಗೆ ವಾಸಿಸುವವರಿಗೆ 2025–26ರ ದರದಂತೆ 350 ರೂಪಾಯಿಯ ತಿಂಗಳ ಪಾಸ್ ಸಿಗುತ್ತದೆ, ಆದರೆ ವಾಣಿಜ್ಯೇತರ ವಾಹನಕ್ಕೆ ಮಾತ್ರ. ಬಾಡಿಗೆ ಕಾರು ನಾಕೆ ದಾಟಬೇಕಾದರೆ ಆ ಶುಲ್ಕ ಯಾರದೆಂದು ಮೊದಲೇ ಮಾತಾಡಿಕೊಳ್ಳಬೇಕು. ನಡುರಾತ್ರಿ ಏನಾದರೂ ಆದರೆ ಎಂಬ ಅಂಜಿಕೆಯೂ ಸಹಜವೇ. ಆದರೆ ನಡುರಾತ್ರಿ ಕಾರು ನಡೆಸಬಲ್ಲವರು ಮನೆಯಲ್ಲಿಲ್ಲದಿದ್ದರೆ ಅಂಗಳದ ಕಾರಿಗಿಂತ 108ರ ಆಂಬುಲೆನ್ಸೇ ಹತ್ತಿರ.

ಅಗ್ಗದ ಆಸೆಗೆ ಮಾಡಬಾರದ ಒಂದು ಕೆಲಸವಿದೆ. ನಮ್ಮ ಕಡೆ ಬಿಳಿ ಬೋರ್ಡಿನ ಖಾಸಗಿ ಕಾರನ್ನು ಮುನ್ನೂರು ನಾನೂರು ಕಡಿಮೆಗೆ ಬಾಡಿಗೆ ಓಡಿಸುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಬಾಡಿಗೆಗೆ ಪರ್ಮಿಟ್ ಬೇಕು. ಖಾಸಗಿ ಕಾರಿನ ವಿಮಾ ಪಾಲಿಸಿ ಬಾಡಿಗೆಯ ಬಳಕೆಯನ್ನು ಹೊರಗಿಡುತ್ತದೆ. ಅಪಘಾತವಾದರೆ ಪರಿಹಾರಕ್ಕಾಗಿ ನ್ಯಾಯಾಲಯ ಅಲೆಯಬೇಕಾದೀತು. ಹಳದಿ ಬೋರ್ಡಿನ ಕಾರಿಗೆ ಹೆಚ್ಚಾಗಿ ಕೊಡುವ ಹಣ ಆ ರಕ್ಷಣೆಯ ಬೆಲೆ.

ಕಡಿಮೆ ಮಾಡಿಕೊಳ್ಳಲು ಸರಿಯಾದ ದಾರಿ ಬೇರೆಯೇ ಇದೆ. ಸರ್ಕಾರಿ ಇಲಾಖೆಗಳು ಕಾರುಗಳನ್ನು ಬಾಡಿಗೆಗೆ ಪಡೆಯುವಾಗ ತಿಂಗಳ ದರ, ಕಿಲೋಮೀಟರಿನ ಮಿತಿ ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ದೂರ, ದಿನ, ವೇಳೆ ಮೂರೂ ಗೊತ್ತಿರುವ ಪ್ರಯಾಣಿಕ ಬಾಡಿಗೆಯವನಿಗೆ ಅಪರೂಪದ ಗಿರಾಕಿ. ಖಾಲಿ ದಿನಗಳ ಭಯ ಅವನಿಗೆ ಅಷ್ಟರ ಮಟ್ಟಿಗೆ ತಪ್ಪುತ್ತದೆ. ಆ ಖಾತರಿಗೂ ಬೆಲೆಯುಂಟು. ಮಾಸ್ತರರು ಊರಿನ ಹಳದಿ ಬೋರ್ಡಿನ ಚಾಲಕನೊಬ್ಬನೊಡನೆ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ತಿಂಗಳಿಗೆ ಎಂಟು ಸಲ, ಹಣ ತಿಂಗಳ ಕೊನೆಗೆ ಎಂದು ಮಾತಾಡಿದರು. 1,800 ಇದ್ದದ್ದು 1,500 ಆಯಿತು. ತಿಂಗಳಿಗೆ 12,000. ಈ ದರದಲ್ಲಿ, ತಾವೇ ನಡೆಸುವವರಿಗೂ ಕಾರು ಲಾಭವಾಗಲು ಹನ್ನೆರಡು ಪ್ರಯಾಣ ಬೇಕು.

ಮಗನಿಗೆ ಅಷ್ಟು ಸಮಾಧಾನವಾಗಲಿಲ್ಲ. ಮನೆ ಮುಂದೆ ಕಾರು ಇರಬೇಕೆಂಬ ಆಸೆಗೆ ಅರ್ಥಶಾಸ್ತ್ರದಲ್ಲಿ ಉತ್ತರವಿಲ್ಲ. ಅದಕ್ಕಾಗಿ ಹಣ ಕೊಡುವುದು ತಪ್ಪೂ ಅಲ್ಲ, ಎಷ್ಟು ಕೊಡುತ್ತಿದ್ದೇವೆಂದು ತಿಳಿದಿದ್ದರೆ ಸಾಕು. ನಾನು ಮಾಸ್ತರರಿಗೆ ಹೇಳಿದ್ದು ಇಷ್ಟೇ: ಕಚೇರಿಯ ಜೀಪಿಗೆ ಇಡುತ್ತಿದ್ದ ಲಾಗ್ ಬುಕ್ಕಿನಂತೆ ಮೂರು ತಿಂಗಳು ಪ್ರತಿ ಪ್ರಯಾಣದ ದಿನಾಂಕ, ದೂರ, ಕೊಟ್ಟ ಹಣ ಬರೆದಿಡಿ, ತಿಂಗಳಿಗೆ ಹನ್ನೆರಡು ದಾಟಿದರೆ, ಮತ್ತು ಸ್ಟೇರಿಂಗ್ ಹಿಡಿಯಲು ಮನೆಯವರೇ ಸಿಕ್ಕರೆ, ಮತ್ತೆ ಕೂಡೋಣ. ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಹನ್ನೊಂದು ತಿಂಗಳ ಗುರುತುಗಳಿವೆ. ಕಳೆದ ಎರಡು ತಿಂಗಳಲ್ಲಿ ಅವು ನಾಲ್ಕಕ್ಕೆ ಇಳಿದಿವೆ. ಅವರ ಪತ್ನಿ ಈಗ ಊರುಗೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾರೆ. ಠೇವಣಿ ಬ್ಯಾಂಕಿನಲ್ಲಿಯೇ ಇದೆ.