ಮಗು ‘ಸೂಯರ್’ ಎಂದು ಓದಿದರೆ

ಎರಡನೇ ತರಗತಿ ಮುಗಿಯುತ್ತ ಬಂದಾಗ ಕೆಲವು ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಪಕ್ಕದ ಮನೆಯ ಇಂಗ್ಲಿಷ್ ಮಾಧ್ಯಮದ ಹುಡುಗ ಪುಸ್ತಕ ಓದುತ್ತಾನೆ, ನಮ್ಮವನು ಇನ್ನೂ ತಡವರಿಸುತ್ತಾನೆ, ಕನ್ನಡ ಶಾಲೆ ಬಿಡಿಸೋಣವೇ? ಬಿಡಿಸುವ ಮೊದಲು ಮಗು ತಡವರಿಸುವುದು ಎಲ್ಲಿ ಎಂಬುದನ್ನು ಗಮನಿಸಬೇಕು ಎಂಬುದು ನನ್ನ ವಾದ.

ಅಕ್ಷರಕ್ಕೂ ಉಚ್ಚಾರಕ್ಕೂ ಹೊಂದಿಕೆ ಇದ್ದರೆ ಓದು ಬೇಗ ಬರುತ್ತದೆ. ಫಿಲಿಪ್ ಸೀಮೋರ್ ಮತ್ತು ಸಂಗಡಿಗರು ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಶಾಲೆಯ ಮೊದಲ ವರ್ಷದ ಕೊನೆಗೆ ಫಿನ್‌ಲೆಂಡಿನ ಮಕ್ಕಳು ಪರಿಚಿತ ಪದಗಳಲ್ಲಿ ನೂರಕ್ಕೆ ಸುಮಾರು 98ನ್ನು ಸರಿಯಾಗಿ ಓದಿದರೆ, ಇಂಗ್ಲಿಷ್ ಕಲಿಯುವ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು ಸುಮಾರು 34. ಇಂಗ್ಲಿಷಿನಲ್ಲಿ ‘ನೈಫ್’ ಎಂಬ ಪದದ ಮೊದಲಿನ ‘ಕೆ’ ಬಾಯಿಂದ ಹೋಗಿ ಕಾಲವಾಯಿತು, ಬರಹದಿಂದ ಹೋಗಲಿಲ್ಲ. ಕನ್ನಡ ಹಾಗೆ ಮಾಡಲಿಲ್ಲ. ತಾಳವಾಡಿಯ ತಮಿಳರ, ಕಾಸರಗೋಡಿನ ಮಲಯಾಳಿಗಳ ‘ಬಾಳೆ’ಯಲ್ಲಿ ಇಂದಿಗೂ ಇರುವ ಆ ವಿಶಿಷ್ಟ ಳಕಾರ ಹಳಗನ್ನಡದಲ್ಲೂ ಇತ್ತು, ‘ಬಾೞೆ’ ಎಂದೇ ಬರೆಯುತ್ತಿದ್ದರು. ಉಚ್ಚಾರ ಹೋದ ಮೇಲೆ ಅಕ್ಷರವೂ ಹೋಯಿತು.

ಹಾಗಾದರೆ ನಮ್ಮ ಮಕ್ಕಳೂ ಒಂದೇ ವರ್ಷದಲ್ಲಿ ಓದಬೇಕಲ್ಲ? ಇಲ್ಲ. ಫಿನ್ನಿಷ್ ಮಗುವಿಗೆ ಮೂವತ್ತಕ್ಕೂ ಕಡಿಮೆ ಅಕ್ಷರ ಸಾಕು. ನಮ್ಮ 34 ವ್ಯಂಜನಗಳಿಗೆ ಬಳ್ಳಿ ಹಚ್ಚಿದರೆ ನಾಲ್ಕು ನೂರಕ್ಕೂ ಹೆಚ್ಚು ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು, ಅಕ್ಷರ ಕಲಿಕೆ ಮೂರು-ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ಕಂಡುಕೊಂಡಿದ್ದಾರೆ.

ಸಂಖ್ಯೆಗಿಂತ ಹೆಚ್ಚು ಕಾಡುವುದು ಜೋಡಣೆ. ‘ಶಕ್ತಿ’ ಎಂಬ ಪದ ನೋಡಿ. ಗುಡಿಸು ಕುಳಿತಿರುವುದು ಕಕಾರದ ತಲೆಯ ಮೇಲೆ, ಆದರೆ ಆ ‘ಇ’ ಕೇಳಿಸುವುದು ಕೆಳಗಿನ ತಕಾರದ ನಂತರ. ಕಂಡದ್ದನ್ನು ಕಂಡ ಹಾಗೆ ಓದುವ ಮಗು ‘ಶಕಿತ’ ಎನ್ನುತ್ತದೆ. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ರಕಾರ ಕಾಗದದ ಮೇಲೆ ಯಕಾರದ ಬಲಕ್ಕೆ ಅರ್ಕಾವತ್ತಾಗಿ ಕುಳಿತಿದೆ, ಮಗು ‘ಸೂಯರ್’ ಎನ್ನುತ್ತದೆ. ಇದು ದಡ್ಡತನವಲ್ಲ, ಎಡದಿಂದ ಬಲಕ್ಕೆ ಓದು ಎಂದು ನಾವೇ ಹೇಳಿಕೊಟ್ಟ ನಿಯಮವನ್ನು ಅದು ಪಾಲಿಸುತ್ತಿದೆ. ಜತ್ತ, ಅಕ್ಕಲಕೋಟೆಯ ಮಕ್ಕಳಿಗೆ ಮರಾಠಿಯಲ್ಲಿ ಇನ್ನೊಂದು ತಿರುವು: ಅಲ್ಲಿ ಹ್ರಸ್ವ ‘ಇ’ಯ ಚಿಹ್ನೆ ಅಕ್ಷರದ ಎಡಕ್ಕೆ, ಅಂದರೆ ಮೊದಲೇ ಬಂದು ನಿಲ್ಲುತ್ತದೆ.

ಬರಹವನ್ನೇ ಸುಧಾರಿಸಬಾರದೇ ಎಂದು ಕೇಳುವವರಿದ್ದಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣ, ಷಕಾರ, ಋಕಾರಗಳನ್ನು ಬಿಟ್ಟು ‘ಭಾಷೆ’ಯನ್ನು ‘ಬಾಶೆ’ ಎಂದು ಬರೆಯುವ ಹೊಸಬರಹವನ್ನು ಮುಂದಿಟ್ಟರು. ಬರೆಯುವ ಮಗುವಿನ ಭಾರ ಅದರಿಂದ ಇಳಿಯುತ್ತದೆ, ಒಪ್ಪುತ್ತೇನೆ. ಬಕಾರ ಭಕಾರಗಳನ್ನು ಒಂದೇ ರೀತಿ ಉಚ್ಚರಿಸುವ ಮನೆಯ ಮಗು ಯಾವುದನ್ನು ಬರೆಯಬೇಕೆಂದು ಪದಪದಕ್ಕೂ ನೆನಪಿಡಬೇಕು. ಆದರೆ ಓದುವಾಗ ಈ ತೊಡಕು ಚಿಕ್ಕದು: ಎರಡಕ್ಕೂ ‘ಬ’ ಎಂದರೂ ಪದ ಸಿಗುತ್ತದೆ. ಮರಾಠಿ ನಡುವೆ ಬೆಳೆದ ಜತ್ತದ ಮಗುವಿಗಂತೂ ಮಹಾಪ್ರಾಣ ದಿನವೂ ಕಿವಿಗೆ ಬೀಳುವ ಧ್ವನಿ. ಹತ್ತು ಮಹಾಪ್ರಾಣ ತೆಗೆದರೂ ‘ಶಕ್ತಿ’ ಇದ್ದ ಹಾಗೆಯೇ ಇರುತ್ತದೆ. ಜೋಡಣೆಯನ್ನೇ ಬಿಡಿಸಿದ್ದು ಕೇರಳ. 1971ರ ಲಿಪಿ ಸುಧಾರಣೆಯಲ್ಲಿ ಮಲಯಾಳದ ಉಕಾರ, ಋಕಾರದ ಚಿಹ್ನೆಗಳನ್ನು ಅಕ್ಷರದಿಂದ ಬೇರೆ ಮಾಡಿದರು. ಅದು ಮುಖ್ಯವಾಗಿ ಅಚ್ಚುಮೊಳೆ, ಬೆರಳಚ್ಚು ಯಂತ್ರಗಳ ಅನುಕೂಲಕ್ಕೆ, ಮಕ್ಕಳಿಗಾಗಿ ಅಲ್ಲ.

ಆದ್ದರಿಂದ ಲಿಪಿ ಬದಲಾಗಲಿ ಎಂದು ಕಾಯುವುದಕ್ಕಿಂತ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ‘ಮರ’, ‘ಕೋಳಿ’, ‘ಮುಗಿಲು’ ತರಹದ ಹತ್ತು ಪದ, ‘ಶಕ್ತಿ’, ‘ಸೂರ್ಯ’, ‘ಪುಸ್ತಕ’ ತರಹದ ಹತ್ತು ಪದ ಬರೆದು ಓದಿಸಿ. ಮೊದಲ ಹತ್ತನ್ನು ಓದಿ ಎರಡನೆಯದರಲ್ಲಿ ಎಡವಿದರೆ ಮಗುವಿನ ಓದು ದಾರಿಯಲ್ಲೇ ಇದೆ, ತೊಡಕು ಜೋಡಣೆಯದು. ‘ಶಕ್’, ‘ತಿ’ ಎಂದು ಎರಡು ಚಪ್ಪಾಳೆ ತಟ್ಟಿ ಹೇಳಿಸಿ, ಹಾಗೆಯೇ ಬಿಡಿಸಿ ಬರೆದು, ಅದರ ಪಕ್ಕದಲ್ಲಿ ‘ಶಕ್ತಿ’ ಬರೆದು ತೋರಿಸಿ. ದಿನಕ್ಕೆ ನಾಲ್ಕೈದು ಪದ ಸಾಕು. ಮೂರನೇ ತರಗತಿಯ ಕೊನೆಗೂ ಮೊದಲ ಹತ್ತೇ ಬಾರದಿದ್ದರೆ ಮಾತು ಬೇರೆ. ಆಗ ಕಣ್ಣು, ಕಿವಿ ತೋರಿಸಿ, ಗುರುಗಳ ಹತ್ತಿರ ಕುಳಿತು ಮಾತಾಡಿ. ಮಾಧ್ಯಮ ಬದಲಿಸಿದರೆ ಅದು ವಾಸಿಯಾಗುವುದಿಲ್ಲ, ‘ನೈಫ್’ನ ‘ಕೆ’ಯೂ ತಲೆಗೆ ಬಂದು ಕೂರುತ್ತದೆ.